ಅಜ್ಜಿಯ ಧ್ವನಿಯಿಂದ ಗುಂಯ್‌ಗುಡುವಿಕೆಯನ್ನು ತೆಗೆದದ್ದು

ಅಜ್ಜಿ ಹೇಳಿದ ಸೋಬಾನೆ ಪದಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಪದದುದ್ದಕ್ಕೂ ಗುಂಯ್ ಎನ್ನುವ ಸದ್ದು. ಅಜ್ಜಿ ಈಗ ಹಾಡುವ ಸ್ಥಿತಿಯಲ್ಲಿಲ್ಲ, ಇದ್ದುದನ್ನೇ ಉಳಿಸಿಕೊಳ್ಳಬೇಕಿತ್ತು.

ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಸದ್ದಿನ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದಾಗ 50 ಹರ್ಟ್ಸ್‌ನಲ್ಲಿ ದಪ್ಪ ಗೆರೆ, 100ರಲ್ಲಿ ತೆಳುವಾದ ಇನ್ನೊಂದು ಗೆರೆ ಕಂಡವು. ನಮ್ಮ ವಿದ್ಯುತ್ ಪೂರೈಕೆಯ ಆವರ್ತನವೇ 50. ಅಜ್ಜಿಯ ಸ್ವರ ಸುಮಾರು 200ರಿಂದ ಮೇಲಿತ್ತು. ಹಾಗಾಗಿ ನಡುವೆ ಕತ್ತರಿಸಲು ಜಾಗವಿತ್ತು.

ಮೊದಲು 130 ಹರ್ಟ್ಸ್‌ನ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನ ಆವರ್ತನಗಳನ್ನು ತಗ್ಗಿಸುವ ಫಿಲ್ಟರ್, ಒಂದನ್ನೇ ಹಾಕಿದೆ. ಗುಂಯ್‌ಗುಡುವಿಕೆ ತಗ್ಗಿತು, ಹೋಗಲಿಲ್ಲ. ಫಿಲ್ಟರ್ ಗೋಡೆಯಲ್ಲ, ಇಳಿಜಾರು. 50ರ ಹತ್ತಿರ ಅದು ಸುಮಾರು 17 ಡೆಸಿಬೆಲ್ ಮಾತ್ರ ಇಳಿಸುತ್ತದೆ. ಅದನ್ನೇ ಎರಡು ಬಾರಿ ಹಾಕಿದಾಗ ಇಳಿಕೆ 33 ಆಯಿತು.

ಮೇಲಿನ ಆವರ್ತನಗಳನ್ನು ಕತ್ತರಿಸುವಾಗ ತಪ್ಪು ಮಾಡಿದೆ. ದೂರವಾಣಿಯಂತೆ 3400ಕ್ಕೆ ಕತ್ತರಿಸಿದೆ. ಮಾತು ಅರ್ಥವಾಗುತ್ತಿತ್ತು, ಆದರೆ ‘ಸ’, ‘ಶ’ ಮಬ್ಬಾಗಿ, ಅಜ್ಜಿ ಕಂಬಳಿಯೊಳಗಿಂದ ಹಾಡಿದಂತೆ ಕೇಳಿತು. ಊಷ್ಮಾಕ್ಷರಗಳ ಸದ್ದು ಬಹುಪಾಲು ಅದಕ್ಕಿಂತ ಮೇಲಿರುತ್ತದೆ. 7000ಕ್ಕೆ ಏರಿಸಿದೆ. ಕೊನೆಗೆ ffmpeg ತಂತ್ರಾಂಶಕ್ಕೆ ಕೊಟ್ಟ ಆದೇಶ ಇದು:

```
ffmpeg -i ajji.wav -af "highpass=f=130,highpass=f=130,lowpass=f=7000" ajji2.wav
```

ಮೂಲ ಕಡತವನ್ನು ಮುಟ್ಟಲಿಲ್ಲ. ಫ್ಯಾನಿನ ಗಾಳಿಯ ಸುಯ್ಯೆಂಬ ಸದ್ದು ಮಾತ್ರ ಇನ್ನೂ ಇದೆ. ಅದು ಧ್ವನಿಯ ವ್ಯಾಪ್ತಿಯೊಳಗೇ ಹರಡಿಕೊಂಡಿರುವುದರಿಂದ ಈ ಫಿಲ್ಟರ್‌ಗೆ ಸಿಗುವುದಿಲ್ಲ. ಆದರೆ ಪದದ ನಡುವೆ ಅಜ್ಜಿ ಉಸಿರು ಎಳೆದುಕೊಳ್ಳುವುದು ಈಗ ಸ್ಪಷ್ಟವಾಗಿ ಕೇಳಿಸುತ್ತದೆ.