ಲಸಿಕೆ ತಪ್ಪಿದ ಮನೆಗೆ ನಾನು ಬರೆದ ಕಾಗದ

"ಫೋನ್ ಮಾಡಿದರೇ ಎತ್ತಲ್ಲ, ಕಾಗದ ನೋಡಿ ಬರ್ತಾರಾ?" ಎಂದು ನಮ್ಮ ಲಸಿಕಾ ಕೇಂದ್ರದಲ್ಲಿ ಎಲ್ಲರೂ ಕೇಳಿದ್ದರು. ಈಗ ಬಾಕಿ ಪಟ್ಟಿ ತೆಗೆದ ಕೂಡಲೇ ಅವರೇ "ಸಿಸ್ಟರ್, ನಿಮ್ಮ ಕಾಗದ ಹಾಕಿಬಿಡಿ" ಅನ್ನುತ್ತಾರೆ. ಹೇಳಿಕೊಳ್ಳೋಕೆ ಖುಷಿಯಾಗುತ್ತೆ, ಆದರೆ ಇಲ್ಲಿಗೆ ಬರುವಷ್ಟರಲ್ಲಿ ಮೂರು ಸಲ ಸೋತಿದ್ದೇನೆ.

ಮೊದಲ ಕಾಗದ "ನಿಗದಿತ ಅವಧಿಯಲ್ಲಿ ಲಸಿಕೆ ಹಾಕಿಸದಿರುವುದು ಗಮನಕ್ಕೆ ಬಂದಿದೆ" ಎಂದು ಶುರುವಾಗಿತ್ತು. ನಲವತ್ತರ ಹತ್ತಿರ ಕಳಿಸಿದ್ದೆ, ಬಂದವರು ಮೂವರೋ ನಾಲ್ವರೋ. ಎರಡನೆಯದಕ್ಕೆ ದಡಾರ ಎದ್ದ ಮಗುವಿನ ಬಣ್ಣದ ಚಿತ್ರ ಹಾಕಿಸಿದೆ. ಆರು ತಿಂಗಳ ಸ್ಟೇಷನರಿ ದುಡ್ಡು ಅದೊಂದಕ್ಕೇ ಹೋಯಿತು. ಒಬ್ಬ ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಬಂದು, "ನಮ್ಮ ಕೂಸಿಗೆ ಈ ಕಾಯಿಲೆ ಬಂದಿದೆ ಅಂತ ಯಾರು ಹೇಳಿದ್ದು?" ಎಂದು ಅತ್ತರು. ಆಮೇಲೆ ಖರ್ಚು ಉಳಿಸೋಣವೆಂದು ಬರೀ ಅಂಚೆ ಕಾರ್ಡಿನಲ್ಲಿ ಬರೆದು ಹಾಕಿದೆ. ಅಕ್ಕಪಕ್ಕದವರೆಲ್ಲ ಓದಿ, ಒಬ್ಬ ತಾಯಿಗೆ ತಲೆ ಎತ್ತದ ಹಾಗಾಯಿತು. ಅವತ್ತಿನಿಂದ ಲಕೋಟೆ ಇಲ್ಲದೆ ಒಂದೂ ಕಳಿಸಿಲ್ಲ.

ದಾರಿ ಸಿಕ್ಕಿದ್ದು ತಡವಾಗಿ ಬಂದವರನ್ನೇ ಕೂರಿಸಿಕೊಂಡು ಕೇಳಿದಾಗ. ಲಸಿಕೆ ಬೇಡ ಅಂದವರು ಕಡಿಮೆ. "ಬೈತೀರೇನೋ ಅಂತ ಬರಲಿಲ್ಲ", "ಇಷ್ಟು ತಡವಾದರೆ ಮತ್ತೆ ಮೊದಲಿಂದ ಚುಚ್ಚಬೇಕಲ್ಲ", ಈ ಎರಡೇ ಮಾತು ಮತ್ತೆ ಮತ್ತೆ ಬಂತು. ಎರಡನೆಯದು ತಪ್ಪು ತಿಳಿವಳಿಕೆ ಅಂತ ನಮಗೆಲ್ಲ ಗೊತ್ತು. ಅಂತರ ಎಷ್ಟೇ ಹೆಚ್ಚಾದರೂ ಹಾಕಿದ ಡೋಸ್ ಲೆಕ್ಕದಲ್ಲೇ ಇರುತ್ತೆ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಆದರೆ ಅದನ್ನು ನಾವು ಯಾವ ಕಾಗದದಲ್ಲೂ ಬರೆದಿರಲಿಲ್ಲ!

ಒಂದೂವರೆ ವರ್ಷ ದಾಟಿದ ಒಂದು ಹೆಣ್ಣುಮಗುವಿನ ಮನೆಗೆ ಬರೆದದ್ದು ಹೀಗಿತ್ತು. ಪೆಂಟಾ ಎರಡು ಡೋಸ್ ಆಗಿತ್ತು, ಮೂರನೆಯದೂ ದಡಾರದ ಮೊದಲನೆಯದೂ ಬಾಕಿ.

"ನಮಸ್ಕಾರ. ಪುಟ್ಟಿಗೆ ಪೆಂಟಾ ಲಸಿಕೆ ಎರಡು ಸಲ ಹಾಕಿಸಿದ್ದೀರಿ. ಅದು ವ್ಯರ್ಥವಾಗಿಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ. ಮೂರನೆಯದನ್ನೂ ದಡಾರದ ಲಸಿಕೆಯನ್ನೂ ಒಂದೇ ದಿನ ಹಾಕಬಹುದು. ಬುಧವಾರ ಬೆಳಿಗ್ಗೆ 10ಕ್ಕೆ ಬನ್ನಿ, ನಾನೇ ಇರುತ್ತೇನೆ. ಸಣ್ಣ ನೆಗಡಿ ಇದ್ದರೂ ಕರೆತನ್ನಿ. ಕಾರ್ಡ್ ಕಳೆದಿದ್ದರೆ ಚಿಂತೆ ಬೇಡ, ನಮ್ಮ ರಿಜಿಸ್ಟರಿನಲ್ಲಿದೆ. ಆ ದಿನ ಆಗದಿದ್ದರೆ ಯಾವಾಗ ಆಗುತ್ತದೆಂದು ತಿಳಿಸಿ."

ತಪ್ಪಿದ್ದನ್ನಲ್ಲ, ಮಾಡಿದ್ದನ್ನು ಮೊದಲು ಬರೆದೆ. ನಿಜವಾದ ಕಾಗದದಲ್ಲಿ ಪುಟ್ಟಿ ಅನ್ನುವ ಕಡೆ ಮಗುವಿನ ಹೆಸರೇ ಇತ್ತು, ಕೆಳಗೆ ಕೈಯಲ್ಲೇ ಸಹಿ.

ತಾಯಿ ಬುಧವಾರ ಬರಲಿಲ್ಲ, ಶುಕ್ರವಾರ ಬಂದರು. ಕಾಗದ ನಾಲ್ಕು ಮಡಿಕೆಯಾಗಿ ಪರ್ಸಿನಲ್ಲಿತ್ತು. ಎರಡನೇ ಡೋಸ್ ಆದಾಗ ತೊಡೆ ಊದಿ ರಾತ್ರಿಯಿಡೀ ಜ್ವರವಂತೆ, ಅದಕ್ಕೇ ನಿಲ್ಲಿಸಿದ್ದು. ಅಂಥ ಊತ, ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತೆ, ಆದರೆ ದಡಾರದ ಲಸಿಕೆಯ ಜ್ವರ ವಾರ ಕಳೆದ ಮೇಲೂ ಬರಬಹುದು ಎಂದು ಮೊದಲೇ ಹೇಳಿದೆ. ಅದನ್ನು ಹೇಳದೆ ಕಳಿಸಿದರೆ ಮುಂದಿನ ಸಲ ಮತ್ತೆ ತಪ್ಪುತ್ತದೆ. ಎರಡೂ ಸೂಜಿ ಬೇರೆ ಬೇರೆ ಜಾಗಕ್ಕೆ ಕೊಟ್ಟೆ, ಪೋಲಿಯೋ ಬಾಕಿಯನ್ನೂ ಅಂದೇ ಮುಗಿಸಿದೆ. ದಡಾರದ ಎರಡನೆಯದಕ್ಕೆ ಕನಿಷ್ಠ ನಾಲ್ಕು ವಾರ ಬಿಡಬೇಕು, ಆ ದಿನಾಂಕವನ್ನು ಅದೇ ಕಾಗದದ ಹಿಂದೆ ಬರೆದುಕೊಟ್ಟೆ.

ನಡುವೆ ಅಪ್ಪಂದಿರ ಹೆಸರಿಗೂ ಕಳಿಸಿ ನೋಡಿದೆ, ಅಂಥ ವ್ಯತ್ಯಾಸ ಕಾಣಲಿಲ್ಲ. ಹಳದಿ ಲಕೋಟೆಯೂ ದಂಡ. ಅದೇ ಮಾತನ್ನು ಮೊಬೈಲಿಗೆ ಕಳಿಸಿದರೆ ಓದಿ ಮರೆಯುತ್ತಾರೆ, ಕಾಗದ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಕೊಂಡಿರುತ್ತೆ. ಕಳಿಸುವ ವಾರ ಯಾವುದು, ಲಕೋಟೆಯ ಮೇಲೆ ಏನು ಬರೆಯುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡು ಕಡೆ ಎಚ್ಚರ ಬೇಕು. "ತಪ್ಪಿದ ಎಲ್ಲ ಲಸಿಕೆ ಹಾಕುತ್ತೇವೆ" ಎಂದು ಬರೆಯಬೇಡಿ. ರೋಟಾ ಹನಿಗೆ ವಯಸ್ಸಿನ ಮಿತಿ ಇದೆ. ನಾನು ಹಾಗೆ ಬರೆದು, ಬಂದ ತಾಯಿಗೆ ಇಲ್ಲ ಅನ್ನಬೇಕಾಯಿತು. ಹಿಂದಿನ ಡೋಸ್ ಆದಮೇಲೆ ಫಿಟ್ಸ್ ಬಂದಿದ್ದರೆ, ಮುಖ ಊದಿ ಉಸಿರು ಕಟ್ಟಿದ್ದರೆ ಆ ಮನೆಗೆ ಈ ಕಾಗದ ಹೋಗಬಾರದು. ಅಲ್ಲಿಗೆ ಮೊದಲು ಡಾಕ್ಟರೇ ಮಾತಾಡಬೇಕು.

ಈಗ ಹತ್ತು ಕಾಗದಕ್ಕೆ ಸುಮಾರು ಆರು ಮನೆಯವರು ಬರುತ್ತಾರೆ. ಬಣ್ಣದ ಚಿತ್ರಕ್ಕೆ ಸುರಿದ ದುಡ್ಡಿನಲ್ಲಿ ಒಂದು ವರ್ಷದ ಲಕೋಟೆ, ಅಂಚೆಚೀಟಿ ಎರಡೂ ಆಗುತ್ತಿತ್ತು. ಉಳಿದ ನಾಲ್ಕು ಮನೆಗೆ ಮೂರು ವಾರ ಬಿಟ್ಟು ಇನ್ನೊಂದು ಹಾಕುತ್ತೇನೆ, ಅದರಲ್ಲೂ "ನೀವು ಬರಲಿಲ್ಲ" ಅನ್ನುವ ಮಾತಿರುವುದಿಲ್ಲ.