ಕಾರು ಕಡಿಮೆ ಓಡಿಸೋರಿಗೆ ಕಿಲೋಮೀಟರ್ ಲೆಕ್ಕದ ಪಾಲಿಸಿ: ನನ್ನ ಅನುಭವ

ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ಆಫೀಸಿಗೆ ಸ್ಕೂಟರ್ ಸಾಕು. ಕಾರು ಹೊರಗೆ ಬರೋದು ಭಾನುವಾರ, ಇಲ್ಲಾಂದ್ರೆ ಸವದತ್ತಿಗೋ ಗೋಕಾಕಿಗೋ ಹೋಗುವಾಗ. ಪಾಲಿಸಿ ರಿನ್ಯೂವಲ್ ಬಂದಾಗ ಏಜೆಂಟ್ "ಸರ, ನಿಮ್ಮ ಗಾಡಿ ಓಡೋದೇ ಕಡಿಮಿ, ಪೇ ಆ್ಯಸ್ ಯು ಡ್ರೈವ್ ಹಾಕ್ಸ್ರಿ" ಅಂದರು. ಅಂದರೆ ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಓಡಿಸ್ತೀವಿ ಅಂತ ಮಿತಿ ಆರಿಸಿದರೆ ಪ್ರೀಮಿಯಂನಲ್ಲಿ ರಿಯಾಯಿತಿ. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಆ್ಯಡ್-ಆನ್ ಆಗಿ ಕೊಡಲು ಕಂಪನಿಗಳಿಗೆ ಅವಕಾಶ ಕೊಟ್ಟಿತ್ತು.

ನಾನು ಮೊದಲು ಹಳೇ ಸರ್ವಿಸ್ ಬಿಲ್‌ಗಳನ್ನು ತೆಗೆದೆ. ಪ್ರತಿ ಬಿಲ್‌ನಲ್ಲೂ ಆ ದಿನದ ಕಿಲೋಮೀಟರ್ ಬರೆದಿರುತ್ತದೆ. ಒಂದು ವರ್ಷದ ಅಂತರದ ಎರಡು ಬಿಲ್ ಕಳೆದು ನೋಡಿದರೆ ನಮ್ಮ ನಿಜವಾದ ಓಡಾಟ ಗೊತ್ತಾಗುತ್ತದೆ, ಸುಮ್ನೆ ಅಂದಾಜು ಬೇಡ. ನಮ್ಮದು ನಾಲ್ಕು ಸಾವಿರದ ಆಸುಪಾಸು ಬಂತು. ಹಾಗಾಗಿ 5,000 ಕಿ.ಮೀ. ಮಿತಿ ಆರಿಸಿದೆ.

ರಿಯಾಯಿತಿ ಇಡೀ ಪ್ರೀಮಿಯಂ ಮೇಲೆ ಸಿಗುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ದರ ಸರ್ಕಾರ ಗೊತ್ತು ಮಾಡಿದ್ದು, ಗಾಡಿ ಎಷ್ಟೇ ಕಡಿಮೆ ಓಡಿದರೂ ಅದು ಇಳಿಯೋದಿಲ್ಲ. ಇಳಿಯೋದು ನಮ್ಮ ಗಾಡಿಯ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಭಾಗ ಮಾತ್ರ. ನನಗೆ ಅದು 7,200 ರೂಪಾಯಿ ಇತ್ತು, 15% ಬಿಟ್ಟರು, ಅಂದರೆ 1,080. ಅದರ ಮೇಲಿನ 18% ಜಿಎಸ್‌ಟಿಯೂ ಉಳಿದು ಒಟ್ಟು ಸುಮಾರು 1,270 ಆಯಿತು. ವಿಜಯಪುರದಲ್ಲಿರುವ ನಮ್ಮ ಭಾವನವರ ಕಾರು ಹಳೇದು, ಅದರ ಓನ್ ಡ್ಯಾಮೇಜ್ ಬರೀ 1,800. ಅಷ್ಟೇ ರಿಯಾಯಿತಿ ಕೊಟ್ಟರೂ 270 ರೂಪಾಯಿ. ಅದಕ್ಕಾಗಿ ವರ್ಷವಿಡೀ ಮೀಟರ್ ನೋಡ್ತಾ ಕೂರಬೇಡಿ ಅಂತ ನಾನೇ ಹೇಳಿದೆ. ಹೊಸ ಗಾಡಿ, ಜಾಸ್ತಿ ಬೆಲೆ, ಕಡಿಮೆ ಓಡಾಟ, ಈ ಮೂರೂ ಕೂಡಿದವರಿಗೆ ಇದು ಒಳ್ಳೇದು.

ಅಳತೆಗೆ ಕೆಲವು ಕಂಪನಿಗಳು ಗಾಡಿಗೆ ಒಂದು ಸಾಧನ ಸಿಕ್ಕಿಸುತ್ತವೆ, ಕೆಲವು ಮೊಬೈಲ್ ಆ್ಯಪ್‌ನಿಂದ ನೋಡುತ್ತವೆ. ನನ್ನದು ಓಡೋಮೀಟರ್ ಫೋಟೋ. ಕೀ ಆನ್ ಮಾಡಿ ಬಟನ್ ಒತ್ತಿ, ಪರದೆಯಲ್ಲಿ `ODO` ಬಂದ ಮೇಲೆಯೇ ಫೋಟೋ ತೆಗೆಯಬೇಕು. `TRIP A` ಇದ್ದರೆ ಆ ಅಂಕಿ ಬೇರೆಯೇ. ಫೋಟೋದಲ್ಲಿರುವ `ODO` ಅಂಕಿಯೇ ಪಾಲಿಸಿಯಲ್ಲಿ ಆರಂಭದ ರೀಡಿಂಗ್ ಅಂತ ಅಚ್ಚಾಗಿದೆಯಾ ನೋಡಿಕೊಳ್ಳಿ, ಕ್ಲೇಮ್ ಬಂದಾಗ ಸರ್ವೇಯರ್ ಲೆಕ್ಕ ಹಾಕೋದು ಅಲ್ಲಿಂದಲೇ. ಮೀಟರ್ ಕೆಟ್ಟು ಬದಲಾಯಿಸಿದರೆ ಕಂಪನಿಗೆ ತಿಳಿಸಿ, ಗ್ಯಾರೇಜಿನ ಬಿಲ್ ಇಟ್ಟುಕೊಳ್ಳಿ.

ಮಿತಿ ದಾಟಿದರೆ ಏನಾಗುತ್ತೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಥರ್ಡ್ ಪಾರ್ಟಿ ಮುಂದುವರಿಯುತ್ತದೆ, ಆದರೆ ನಮ್ಮ ಗಾಡಿಯ ಹಾನಿಗೆ ಕೆಲವೆಡೆ ದುಡ್ಡೇ ಬರೋದಿಲ್ಲ, ಕೆಲವೆಡೆ ಒಂದು ಪಾಲು ನಾವೇ ಹಾಕಬೇಕು. ಕರಾರು ಓದಿಯೇ ಸಹಿ ಮಾಡಿ. ಬೆಂಗಳೂರಿಗೆ ಹೋಗಿ ಬಂದರೆ ಸಾವಿರ ಕಿಲೋಮೀಟರ್ ಆಗೇ ಹೋಗುತ್ತದೆ ಅಲ್ವಾ, ಹಾಗಾಗಿ ಮದುವೆ ಸೀಸನ್‌ಗೆ ಮೊದಲು ಮೀಟರ್ ನೋಡಿದೆ. ಉಳಿದದ್ದು ಸಾಲೋದಿಲ್ಲ ಅನ್ನಿಸಿತು, ಹೊರಡುವ ಮೊದಲೇ ಟಾಪ್-ಅಪ್ ಕಿಲೋಮೀಟರ್ ಕೊಂಡೆ. ಮಿತಿ ದಾಟಿ ಗಾಡಿ ಗುದ್ದಿದ ಮೇಲೆ ಕೊಂಡ ಟಾಪ್-ಅಪ್ ಆ ಕ್ಲೇಮಿಗೆ ಬರೋದಿಲ್ಲ.