ಹಿಂದಿನ ಆಡಿಟರ್ ಉತ್ತರಿಸದಿದ್ದಾಗ ನೇಮಕ ಒಪ್ಪಿಕೊಂಡ ಕ್ರಮ

ಸಮಸ್ಯೆ ಇದು: ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಆಡಿಟರ್ ರಾಜೀನಾಮೆ ಕೊಟ್ಟಿದ್ದರು. ಅವರ ಜಾಗಕ್ಕೆ ನನ್ನನ್ನು ನೇಮಿಸಲು ಕಂಪನಿಯ ಅವಸರ, ಹಿಂದಿನವರಿಂದ ಮಾತ್ರ ಆಕ್ಷೇಪಣೆ ಇಲ್ಲವೆಂಬ ಪತ್ರ, ಅಂದರೆ ಎನ್‌ಒಸಿ, ಬರುತ್ತಿಲ್ಲ.

ಫೋನ್, ವಾಟ್ಸಾಪ್, ಸಾದಾ ಅಂಚೆ ಯಾವುದೂ ಉಪಯೋಗವಾಗಲಿಲ್ಲ. ಪತ್ರ ತಲುಪಿತು ಎನ್ನುವ ಪುರಾವೆ ಇವುಗಳಲ್ಲಿ ನಿಲ್ಲುವುದಿಲ್ಲ. ಎನ್‌ಒಸಿಗಾಗಿ ಕಾದದ್ದೇ ದೊಡ್ಡ ತಪ್ಪು. ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ, 1949ರ ಮೊದಲ ಅನುಸೂಚಿಯ 8ನೇ ಕಲಂ ಕೇಳುವುದು ಹಿಂದಿನವರ ಒಪ್ಪಿಗೆಯನ್ನಲ್ಲ, ಒಪ್ಪಿಕೊಳ್ಳುವ ಮೊದಲು ಅವರಿಗೆ ಲಿಖಿತವಾಗಿ ತಿಳಿಸುವುದನ್ನು.

ಕೆಲಸ ಮಾಡಿದ ಕ್ರಮ ಹೀಗಿತ್ತು. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯಾದ ಐಸಿಎಐ ದಾಖಲೆಯಲ್ಲಿರುವ ಹಿಂದಿನ ಆಡಿಟರ್ ವಿಳಾಸಕ್ಕೇ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿದೆ. 'ನೇಮಕ ಒಪ್ಪದಿರಲು ವೃತ್ತಿಪರ ಕಾರಣವಿದೆಯೇ? ಶುಲ್ಕ ಬಾಕಿಯಿದೆಯೇ?' ಎಂದು ನೇರವಾಗಿ ಕೇಳಿ, ಉತ್ತರಕ್ಕೆ 15 ದಿನ ಕೊಟ್ಟೆ. (ಲಕೋಟೆ 'ಕಚೇರಿಗೆ ಬೀಗ' ಎಂದು ವಾಪಸು ಬಂದರೆ ಒಡೆಯದೆ ಫೈಲಿನಲ್ಲಿಡಿ. ವಿಳಾಸ ಸರಿಯಿದ್ದರೆ ಅದೇ ಪುರಾವೆ.)

ಕಾಯುವಾಗ ಹಳೆಯ ಬ್ಯಾಲೆನ್ಸ್ ಶೀಟ್ ನೋಡಿದೆ. ಬಾಕಿ ಆಡಿಟ್ ಶುಲ್ಕವೆಂದು 60,000 ರೂಪಾಯಿ ಇತ್ತು. ಕಂಪನಿ ಅದು ವಿವಾದದಲ್ಲಿದೆ ಎಂದಿತು. ಆದರೆ ಕಂಪನಿ, ಆಡಿಟರ್ ಇಬ್ಬರೂ ಸಹಿ ಹಾಕಿದ ಲೆಕ್ಕದಲ್ಲಿರುವ ಶುಲ್ಕ ನಿರ್ವಿವಾದ. ಅದು ಸಲ್ಲುವವರೆಗೆ ಒಪ್ಪುವಂತಿಲ್ಲ. ಬ್ಯಾಂಕ್ ಮೂಲಕ ಪಾವತಿ ಮಾಡಿಸಿ ದಾಖಲೆ ಇಟ್ಟುಕೊಂಡೆ.

ಹಿಂದಿನವರು ರಾಜೀನಾಮೆ ತಿಳಿಸುವ ಎಡಿಟಿ-3 ನಮೂನೆ ಸಲ್ಲಿಸಿದ್ದನ್ನು, ಕಂಪನಿಯ ನಿರ್ದೇಶಕ ಮಂಡಳಿ 30 ದಿನದೊಳಗೆ ಹೊಸ ನೇಮಕ ನಿರ್ಣಯಿಸಿದ್ದನ್ನು ಪರಿಶೀಲಿಸಿದೆ. ನೇಮಕ ಕಂಪನಿ ಕಾಯ್ದೆಯ ಪ್ರಕಾರ ಆಗಿದೆಯೇ ಎಂದು ಒಪ್ಪುವ ಮೊದಲೇ ಖಚಿತಪಡಿಸಿಕೊಳ್ಳಲು ಅದೇ ಅನುಸೂಚಿಯ 9ನೇ ಕಲಂ ಕೇಳುತ್ತದೆ. ಗಡುವು ಮುಗಿದರೂ ಉತ್ತರ ಬರಲಿಲ್ಲ. ಸ್ವೀಕೃತಿ ಚೀಟಿ ಕೈಯಲ್ಲಿತ್ತು, ಆ ಬಳಿಕವೇ ಒಪ್ಪಿಗೆ ಪತ್ರಕ್ಕೆ ದಿನಾಂಕ ಹಾಕಿದೆ.